'ಅಂತ್ರೀ' ಅಳಿಸಿದ ದಿನ

ನಮ್ಮ ನ್ಯೂಸ್‌ರೂಮಿನಲ್ಲಿ ಅರ್ಧ ಸುದ್ದಿ ಬರೋದು ವಾಯ್ಸ್ ನೋಟ್‌ನಲ್ಲೇ. ಮಳೆಯಲ್ಲಿ ನೆನೆಯುತ್ತಾ ನಿಂತ ವರದಿಗಾರ ಟೈಪ್ ಮಾಡೋದೆಲ್ಲಿ? ಮಾತಾಡಿ ಕಳಿಸ್ತಾನೆ. ಅದನ್ನು ಓದುವಂಥ ಸಂದೇಶ ಮಾಡೋ ಕೆಲಸ ಡೆಸ್ಕಿನವರದ್ದು. ನಾನು ಡೆಸ್ಕಿನಲ್ಲಿ ಹೊಸಬನಾಗಿದ್ದಾಗ, ಒಂದು ಸಂಜೆ ಕೃಷ್ಣಾ ತೀರದಿಂದ ಬಂದ ನೋಟ್ ಹೀಗಿತ್ತು:

"ಸರ್, ಹಾಂ... ಏನಂದ್ರ ಸರ್, ಇಲ್ಲಿ ಹಳೇ ಬ್ರಿಜ್ ಮ್ಯಾಲ ನೀರು ಬಂದೈತ್ರೀ, ನಾನೇ ನೋಡೇನ್ರೀ. ಮತ್ತ ಆ ಕಡೆ ತ್ವಾಟದಾಗ ನಾಕು, ಅಲ್ಲಲ್ಲ, ಮೂರು ಮಂದಿ ಸಿಕ್ಕೊಂಡಾರಂತ್ರೀ. ಸಣ್ಣ ಹುಡುಗ್ರೂ ಇರಬೇಕ್ರೀ. ತಹಶೀಲ್ದಾರ್ ಸಾಹೇಬ್ರು ಬೋಟ್ ಬರ್ತೈತಿ ಅಂತಾರ, ಇನ್ನಾ ಬಂದಿಲ್ಲ. ಅದು... ಸ್ವಲ್ಪ ಡಿಸಿ ಆಫೀಸಿಗೆ ಹೇಳ್ರೀ ಸರ್, ಕತ್ತಲಾಗೂದ್ರಾಗ ಬಂದ್ರ ಚಲೋ, ಏನ್ರೀ."

ನಾನು ಎರಡೇ ನಿಮಿಷದಲ್ಲಿ ಜಿಲ್ಲಾಧಿಕಾರಿ ಕಚೇರಿಗೆ ಸಂದೇಶ ತಯಾರು ಮಾಡಿದೆ: "ಹಳೆಯ ಸೇತುವೆ ಜಲಾವೃತವಾಗಿದೆ. ತೋಟದಲ್ಲಿ ಮಕ್ಕಳು ಸೇರಿ ಮೂವರು ಸಿಲುಕಿದ್ದಾರೆ. ತಹಶೀಲ್ದಾರರು ಬೋಟ್ ಕಳುಹಿಸುತ್ತಿದ್ದಾರೆ. ದಯವಿಟ್ಟು ಗಮನ ಹರಿಸಿ."

ನೋಡೋಕೆ ಚೆನ್ನಾಗೇ ಇತ್ತು. ಪಕ್ಕದಲ್ಲಿದ್ದ ಹಿರಿಯರು ಒಂದೇ ಪ್ರಶ್ನೆ ಕೇಳಿದರು: "ಮೂವರು ಸಿಲುಕಿದ್ದನ್ನ ಯಾರಪ್ಪಾ ನೋಡಿದ್ದು?"

ಯಾರೂ ನೋಡಿರಲಿಲ್ಲ. ವರದಿಗಾರ 'ಅಂತ್ರೀ' ಅಂದಿದ್ದ. ಆ ಕಡೆಯ ಮಾತಿನಲ್ಲಿ ಸಾಲಿಗೊಂದು 'ರೀ' ಬರುತ್ತಲ್ಲ, ಬೆಂಗಳೂರಿನ ನನ್ನ ಕಿವಿ ಅದನ್ನೂ ಆ ಗುಂಪಿಗೇ ಸೇರಿಸಿ ಅಳಿಸಿಬಿಟ್ಟಿತ್ತು. ಆದರೆ ಅದರೊಳಗೆ ನಮ್ಮ 'ಅಂತೆ' ಕೂತಿತ್ತು. ನಾನು ಕಂಡಿಲ್ಲ, ಕೇಳಿದ್ದು ಅಂತ ಹೇಳೋದೇ ಅದರ ಕೆಲಸ. ಅದೇ ನೋಟ್‌ನಲ್ಲಿ 'ನಾನೇ ನೋಡೇನಿ' ಅನ್ನೋದು ಕಣ್ಣಾರೆ ಕಂಡದ್ದು, 'ಇರಬೇಕು' ಊಹೆ, 'ಬರ್ತೈತಿ ಅಂತಾರ' ಅಧಿಕಾರಿಯ ಮಾತು. ಆತ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಹೇಳಿದ್ದ. ನಾನು ಎಲ್ಲವನ್ನೂ 'ಇದ್ದಾರೆ', 'ಕಳುಹಿಸುತ್ತಿದ್ದಾರೆ' ಅಂತ ಒಂದೇ ಅಚ್ಚಿಗೆ ಹಾಕಿದ್ದೆ. ಎಂಜಿನಿಯರಿಂಗ್‌ನಲ್ಲಿ ನಾಯ್ಸ್ ಫಿಲ್ಟರ್ ಬಗ್ಗೆ ಪುಟಗಟ್ಟಲೆ ಬರೆದವನು ನಾನು, ಇಲ್ಲಿ ಸಿಗ್ನಲ್ಲನ್ನೇ ಸೋಸಿ ಎಸೆದಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಬೋಟಿನದ್ದು. 'ಇನ್ನಾ ಬಂದಿಲ್ಲ' ಬಿಟ್ಟುಹೋಗಿ, 'ಕಳುಹಿಸುತ್ತಿದ್ದಾರೆ' ಅಂತ ಆದರೆ, ಓದಿದ ಅಧಿಕಾರಿ ಕೆಲಸ ನಡೀತಿದೆ ಅಂದುಕೊಂಡು ಫೋನ್ ಕೆಳಗಿಡ್ತಾರೆ. ಕತ್ತಲಾಗುವ ಗಡುವು 'ಗಮನ ಹರಿಸಿ'ಯಲ್ಲಿ ಕರಗಿಹೋಗಿತ್ತು.

ಹಾಗಾದ್ರೆ ಅಳಿಸೋದು ಯಾವುದನ್ನ? 'ಹಾಂ', 'ಏನಂದ್ರ', 'ಅದು...', ಕೊನೆಯ 'ಏನ್ರೀ' ಹೋದರೆ ಏನೂ ಬದಲಾಗಲ್ಲ. ನಾನೀಗ ಮಾಡೋದು ಇಷ್ಟೇ: ಪದವನ್ನು ತೆಗೆದು ವಾಕ್ಯವನ್ನು ಬಾಯಿಬಿಟ್ಟು ಓದ್ತೀನಿ. ಸಂಖ್ಯೆ, ಸಮಯ, ಹೇಳಿದವರು ಯಾರು, ಮಾಡಬೇಕಾದವರು ಯಾರು, ಇವುಗಳಲ್ಲಿ ಒಂದು ಅಲುಗಾಡಿದರೂ ಪದ ವಾಪಸ್. ಒಂದೇ ಪದ ಒಂದು ಕಡೆ ಕಸ, ಇನ್ನೊಂದು ಕಡೆ ಕಾಳು. ಇಲ್ಲಿನ 'ಮತ್ತ' ಉಸಿರು ತಗೊಳ್ಳೋಕೆ ಬಂದದ್ದು. 'ನೀರು ಮತ್ತ ಏರೈತಿ' ಅಂದಿದ್ದರೆ ಅದೇ ಸುದ್ದಿ. 'ಸ್ವಲ್ಪ ಹೇಳ್ರೀ' ವಿನಯ, ಹಾಗಾಗಿ 'ದಯವಿಟ್ಟು' ಆಗುತ್ತೆ; 'ಸ್ವಲ್ಪ ನೀರು' ಅನ್ನೋದು ಅಳತೆ.

'ಅಲ್ಲಲ್ಲ' ಇನ್ನೊಂದು ಥರ. ಅದನ್ನು ತೆಗೆಯುವಾಗ ಅದರ ಹಿಂದಿನ 'ನಾಕು' ಕೂಡ ಹೋಗಬೇಕು. ಬರೀ 'ಅಲ್ಲಲ್ಲ' ತೆಗೆದರೆ 'ನಾಕು ಮೂರು ಮಂದಿ' ಉಳಿಯುತ್ತೆ, ಮುಂದಿನವರು ಅದನ್ನ 'ಮೂರ್ನಾಲ್ಕು' ಅಂತ ತಿದ್ದುತ್ತಾರೆ. ಫೋನಿನ ಮೈಕ್ ಒತ್ತಿ ಮಾತನ್ನು ಅಕ್ಷರ ಮಾಡಿಸಿಕೊಂಡಾಗ ಇಂಥದ್ದು ಆಗುವ ಸಂಭವ ಹೆಚ್ಚು. ಹಾಗಾಗಿ ಸಂಖ್ಯೆ ಬಂದ ಕಡೆ ಅಕ್ಷರ ನಂಬದೆ ಧ್ವನಿಯನ್ನೇ ಇನ್ನೊಮ್ಮೆ ಕೇಳಬೇಕು.

ಆ ಸಂಜೆ ಮೊದಲು ವರದಿಗಾರನಿಗೆ ಫೋನ್ ಮಾಡಿದೆ, ಯಾಕಂದ್ರೆ 'ಅಂತ್ರೀ' ಯಾರು ಹೇಳಿದ್ದು ಅಂತ ಹೇಳಲ್ಲ. ಸುಮ್ಮನೆ 'ಸ್ಥಳೀಯರ ಪ್ರಕಾರ' ಅಂತ ಸೇರಿಸಿದ್ದರೆ ಅದೂ ನನ್ನ ಕಲ್ಪನೆಯೇ ಆಗ್ತಿತ್ತು. ತೋಟದ ಮಾಲೀಕರ ತಮ್ಮ ಹೇಳಿದ್ದು ಅಂದ. ಊರು, ತಾಲ್ಲೂಕಿನ ಹೆಸರೂ ಕೇಳಿ ಬರೆದುಕೊಂಡೆ, ಡಿಸಿ ಕಚೇರಿಯವರಿಗೆ 'ಹಳೇ ಬ್ರಿಜ್' ಅಂದ್ರೆ ಯಾವುದು ಅಂತ ಗೊತ್ತಾಗಬೇಕಲ್ಲ. ಕೋರಿಕೆಯನ್ನು ಕೊನೆಯಿಂದ ಮೇಲಕ್ಕೆ ತಂದೆ. ಊರಿನ ಹೆಸರನ್ನು ಮೇಲೆ ಹಾಕಿ, ಕೆಳಗೆ ಹೀಗೆ ಬರೆದೆ:

"ಮಾನ್ಯರೇ, ಕತ್ತಲಾಗುವ ಮೊದಲು ಇಲ್ಲಿಗೆ ಬೋಟ್ ತಲುಪುವಂತೆ ದಯವಿಟ್ಟು ನೋಡಿಕೊಳ್ಳಿ. ಹಳೆಯ ಸೇತುವೆಯ ಮೇಲೆ ನೀರು ಬಂದಿರುವುದನ್ನು ನಮ್ಮ ವರದಿಗಾರರು ಕಣ್ಣಾರೆ ಕಂಡಿದ್ದಾರೆ. ಆಚೆ ಬದಿಯ ತೋಟದಲ್ಲಿ ಮೂವರು ಸಿಲುಕಿದ್ದಾರೆ ಎಂದು ತೋಟದ ಮಾಲೀಕರ ತಮ್ಮ ತಿಳಿಸಿದ್ದಾರೆ. ಮಕ್ಕಳೂ ಇರಬಹುದು, ಖಚಿತವಿಲ್ಲ. ಬೋಟ್ ಬರುತ್ತದೆ ಎಂದು ತಹಶೀಲ್ದಾರರು ಹೇಳಿದ್ದಾರೆ, ಈವರೆಗೆ ಬಂದಿಲ್ಲ."

ಮೊದಲಿನದಕ್ಕಿಂತ ಉದ್ದವಾಯ್ತು, ಆಗಲಿ. ಸ್ವಲ್ಪ ಹೊತ್ತಿಗೆ ಕಚೇರಿಯಿಂದ ಫೋನ್ ಬಂತು: "ಆ ತಮ್ಮನ ನಂಬರ್ ಇದೆಯಾ?" ನಾನು ಅದನ್ನೊಂದು ಕೇಳೋದು ಮರೆತಿದ್ದೆ. ಮತ್ತೆ ವರದಿಗಾರನಿಗೇ ಫೋನ್ ಹಚ್ಚಿ ತಗೊಂಡು ಕೊಟ್ಟೆ. ಬೋಟ್ ಬೆಳಕಿರುವಾಗಲೇ ಹೋಯ್ತು. ಮೂವರೂ ದೊಡ್ಡವರೇ, ಮಕ್ಕಳಿರಲಿಲ್ಲ.