ಒಂದು ಗ್ರಾಂ ಮಣ್ಣು ಹೊಲದ ಪ್ರತಿನಿಧಿಯಾಗುವ ಬಗೆ

ಒಂದು ಎಕರೆ ಹೊಲದಲ್ಲಿ ಮೇಲಿನ 15 ಸೆಂಟಿಮೀಟರ್ ಆಳದ ಮಣ್ಣೇ ಸುಮಾರು 850 ಟನ್ ತೂಗುತ್ತದೆ. ಪ್ರಯೋಗಾಲಯದಲ್ಲಿ ಸಾವಯವ ಇಂಗಾಲವನ್ನು ಅಳೆಯಲು ಬಳಸುವುದು ಅದರಲ್ಲಿ ಒಂದು ಗ್ರಾಂ ಮಾತ್ರ. ಹೊಲದ ಮಣ್ಣೋ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಹಾಗಾಗಿ ಫಲಿತಾಂಶ ನಂಬುವಂತಿರಬೇಕಾದರೆ 850 ಟನ್ನಿನಿಂದ ಒಂದು ಗ್ರಾಮಿಗೆ ಇಳಿಯುವ ಪ್ರತಿ ಹಂತದಲ್ಲೂ ಮಣ್ಣಿನ ಮೂಲ ಪ್ರಮಾಣಗಳು ಕೆಡದೆ ಉಳಿಯಬೇಕು.

ಮೊದಲ ಕೆಲಸ ಹೊಲವನ್ನು ತಾಕುಗಳಾಗಿ ವಿಂಗಡಿಸುವುದು. ಇಳಿಜಾರಿನ ಹೊಲವೊಂದರ ಮೇಲ್ಭಾಗದಲ್ಲಿ ಹುಳಿ ಸ್ವಭಾವದ ಕೆಂಪು ಮಣ್ಣು, ತಗ್ಗಿನಲ್ಲಿ ಕ್ಷಾರೀಯ ಕಪ್ಪು ಮಣ್ಣು ಇದೆ ಎಂದುಕೊಳ್ಳೋಣ. ಎರಡನ್ನೂ ಕಲೆಸಿ ಪರೀಕ್ಷಿಸಿದರೆ ರಸಸಾರ ತಟಸ್ಥಕ್ಕೆ ಹತ್ತಿರ ಬಂದು, ಹೊಲಕ್ಕೆ ಸುಣ್ಣ ಬೇಡವೆಂಬ ಸಲಹೆ ಸಿಗಬಹುದು. ಆ ಅಂಕಿಯಂಥ ಮಣ್ಣು ಹೊಲದ ಯಾವ ಭಾಗದಲ್ಲೂ ಇರುವುದಿಲ್ಲ, ಸುಣ್ಣ ಬೇಕಾಗಿದ್ದ ಕೆಂಪು ಭಾಗಕ್ಕೆ ಅದು ದೊರೆಯುವುದೂ ಇಲ್ಲ. ಬಣ್ಣ, ಇಳಿಜಾರು, ಬೆಳೆ, ಗೊಬ್ಬರ ಹಾಕಿದ ರೀತಿ ಇವುಗಳಲ್ಲಿ ವ್ಯತ್ಯಾಸವಿರುವ ಭಾಗಗಳಿಂದ ಬೇರೆ ಬೇರೆ ಮಾದರಿಗಳನ್ನೇ ತೆಗೆಯಬೇಕು.

ಒಂದು ತಾಕಿನೊಳಗೆ ಅಂಕುಡೊಂಕಾಗಿ ನಡೆಯುತ್ತಾ 16 ಕಡೆ ಮಣ್ಣು ತೆಗೆದರೆ ಸಾಮಾನ್ಯವಾಗಿ ಸಾಕು. ಸ್ಥಳಗಳ ಸಂಖ್ಯೆ ಹೆಚ್ಚಿದಂತೆ ಆಕಸ್ಮಿಕ ಏರುಪೇರುಗಳು ಒಂದನ್ನೊಂದು ಸರಿದೂಗಿಸುತ್ತವೆ. ಒಂದೇ ಸ್ಥಳದ ಮಣ್ಣಿನಲ್ಲಿ ಇರಬಹುದಾದ ದೋಷ 16 ಸ್ಥಳಗಳ ಸರಾಸರಿಯಲ್ಲಿ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಬದು, ತಿಪ್ಪೆ, ಮರದ ಬುಡ, ನೀರು ನಿಲ್ಲುವ ಜಾಗ ಮತ್ತು ಇತ್ತೀಚೆಗೆ ಗೊಬ್ಬರ ಬಿದ್ದ ಸಾಲುಗಳನ್ನು ಬಿಡಬೇಕು.

ಪ್ರತಿ ಸ್ಥಳದಲ್ಲಿ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್ ಆಳದ ಗುಂಡಿ ತೋಡಲಾಗುತ್ತದೆ. ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರವನ್ನು ಕೊಯ್ದು ತೆಗೆಯಬೇಕು. ರಂಜಕ ಹೆಚ್ಚು ಚಲಿಸದೆ ಮೇಲ್ಪದರದಲ್ಲೇ ಉಳಿಯುವುದರಿಂದ, ಮೇಲಿನ ಮಣ್ಣನ್ನಷ್ಟೇ ಕೆರೆದರೆ ಅದರ ಪ್ರಮಾಣ ನಿಜಕ್ಕಿಂತ ಹೆಚ್ಚು ಕಾಣುತ್ತದೆ. ಸತುವನ್ನು ಅಳೆಯುವುದಿದ್ದರೆ ಸತು ಲೇಪಿಸಿದ ಸಲಿಕೆ, ಬಕೆಟ್‌ಗಳನ್ನು ಬಳಸಬಾರದು.

ಒಂದೊಂದು ಕಡೆಯಿಂದ ಅರ್ಧ ಕಿಲೋ ತೆಗೆದರೆ ಒಟ್ಟು 8 ಕಿಲೋ ಮಣ್ಣಾಗುತ್ತದೆ. ಅದರಿಂದ ಒಂದು ಹಿಡಿ ಎತ್ತಿಕೊಂಡು ಉಳಿದದ್ದನ್ನು ಚೆಲ್ಲುವುದು ಸರಿಯಲ್ಲ. ಹಸಿ ಹೆಂಟೆಗಳು ಒಂದರೊಳಗೊಂದು ಬೆರೆಯುವುದಿಲ್ಲವಾದ್ದರಿಂದ ಮಣ್ಣನ್ನು ಮೊದಲು ನೆರಳಿನಲ್ಲಿ ಆರಿಸಿ, ಹೆಂಟೆ ಒಡೆದು, ಶುಚಿಯಾದ ಹಾಳೆಯ ಮೇಲೆ ಚೆನ್ನಾಗಿ ಕಲೆಸಬೇಕು. ಬಳಿಕ ಗುಡ್ಡೆ ಮಾಡಿ, ಚಪ್ಪಟೆಯಾಗಿ ಹರಡಿ, ನಾಲ್ಕು ಸಮಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ತೆಗೆದುಹಾಕಬೇಕು. ಉಳಿದೆರಡನ್ನು ಮತ್ತೆ ಕಲೆಸಿ ಇದನ್ನೇ ಪುನರಾವರ್ತಿಸಿದರೆ 8 ಕಿಲೋ ಕ್ರಮವಾಗಿ 4, 2, 1 ಕಿಲೋ ಆಗಿ, ನಾಲ್ಕನೆಯ ಸಲ ಅರ್ಧ ಕಿಲೋಗೆ ಇಳಿಯುತ್ತದೆ.

ಪ್ರಯೋಗಾಲಯದಲ್ಲಿ ಈ ಮಣ್ಣನ್ನು ಮರದ ಕೊಡತಿಯಿಂದ ಮೆಲ್ಲಗೆ ಕುಟ್ಟಿ 2 ಮಿಲಿಮೀಟರ್ ಜರಡಿಯಲ್ಲಿ ಸೋಸುತ್ತಾರೆ. ಕಲ್ಲುಗಳನ್ನು ಪುಡಿ ಮಾಡಬಾರದು, ಆದರೆ ಗಟ್ಟಿ ಹೆಂಟೆಗಳೆಲ್ಲ ಒಡೆದು ಜರಡಿ ದಾಟಲೇಬೇಕು. ಒಡೆಯದ ಹೆಂಟೆಗಳಲ್ಲಿ ಜೇಡಿ ಹೆಚ್ಚಿರುವುದು ಸಾಮಾನ್ಯ. ಅವುಗಳನ್ನು ಎಸೆದರೆ ಪೋಷಕಾಂಶಗಳನ್ನು ಹಿಡಿದಿಡುವ ಭಾಗವೇ ಮಾದರಿಯಿಂದ ಹೊರಬೀಳುತ್ತದೆ.

ಸೋಸಿದ ಮಣ್ಣು ಕೂಡ ಡಬ್ಬಿಯಲ್ಲಿ ಅಲುಗಾಡಿದರೆ ಮತ್ತೆ ಬೇರ್ಪಡುತ್ತದೆ: ಸಣ್ಣ ಕಣಗಳು ಕೆಳಕ್ಕೆ ಇಳಿದು ದಪ್ಪ ಮರಳು ಮೇಲೆ ಉಳಿಯುತ್ತದೆ. ಆದ್ದರಿಂದ ತೂಗುವ ಮೊದಲು ಮತ್ತೆ ಕಲೆಸಿ, ಹರಡಿ, ಹಲವು ಕಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆಯಬೇಕು. ಒಂದು ಗ್ರಾಮಿನಷ್ಟು ಕಡಿಮೆ ಮಣ್ಣು ಬಳಸುವ ಪರೀಕ್ಷೆಗೆ ಇಷ್ಟೂ ಸಾಲದು. 5 ಮಿಲಿಗ್ರಾಂ ತೂಗುವ ಬೇರಿನ ತುಣುಕಿನಲ್ಲಿ ಸುಮಾರು 2 ಮಿಲಿಗ್ರಾಂ ಇಂಗಾಲವಿರುತ್ತದೆ. ಒಂದು ಗ್ರಾಂ ಮಣ್ಣಿನಲ್ಲಿ ಅಂಥದ್ದೊಂದು ಸೇರಿದರೆ ಶೇ. 0.4ರಷ್ಟಿರುವ ಸಾವಯವ ಇಂಗಾಲ ಶೇ. 0.6 ಎಂದು ಕಾಣಬಹುದು. ಶೇ. 0.5ಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’ ಎಂಬ ವರ್ಗೀಕರಣವಿರುವುದರಿಂದ ಬಡ ಮಣ್ಣು ‘ಮಧ್ಯಮ’ ಆಗಿಬಿಡುತ್ತದೆ. ಇದನ್ನು ತಪ್ಪಿಸಲು ಬೇರುಗಳನ್ನು ಆರಿಸಿ ತೆಗೆದು, ಮಣ್ಣಿನ ಒಂದು ಭಾಗವನ್ನು 0.5 ಮಿಲಿಮೀಟರ್ ಜರಡಿ ದಾಟುವಷ್ಟು ನುಣ್ಣಗೆ ಅರೆಯುತ್ತಾರೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಸೋಸಿದ ಒಂದೇ ಮಾದರಿಯಿಂದ ಎರಡು ಸಲ ತೂಗಿ ಅಳೆದಾಗ ಅಂಕಿಗಳು ಹೊಂದದಿದ್ದರೆ ದೋಷ ಕಲೆಸುವುದರಲ್ಲೋ ಅಳತೆಯಲ್ಲೋ ಇದೆ. ಅವು ಹೊಂದಿದರೂ, ಅದೇ ತಾಕಿನಿಂದ ಪ್ರತ್ಯೇಕವಾಗಿ ಸಂಗ್ರಹಿಸಿದ ಎರಡು ಮಾದರಿಗಳ ನಡುವೆ ದೊಡ್ಡ ಅಂತರ ಕಂಡರೆ, ಸ್ಥಳಗಳ ಸಂಖ್ಯೆ ಸಾಲದಾಗಿದೆ ಅಥವಾ ತಾಕನ್ನು ಇನ್ನಷ್ಟು ವಿಂಗಡಿಸಬೇಕಾಗಿದೆ. ಹೊಲದಲ್ಲಿ ಆದ ಈ ತಪ್ಪನ್ನು ಪ್ರಯೋಗಾಲಯದಲ್ಲಿ ಎಷ್ಟು ಕಲೆಸಿದರೂ ಸರಿಪಡಿಸಲಾಗದು. ಮಾದರಿಯನ್ನು ಮತ್ತೆ ತೆಗೆಯಬೇಕಾಗುತ್ತದೆ.