ಡಾರ್ಮ್ ಬಾಗಿಲ ಮೇಲಿನ ಬೋರ್ಡು

ಗೋಕರ್ಣದಲ್ಲಿ ಹೋಂಸ್ಟೇಗಳ ಜೊತೆಗೆ ಈಗ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳೂ ಇವೆ. ಅಲ್ಲಿ ಬಾಡಿಗೆಗೆ ಸಿಗುವುದು ಕೋಣೆಯಲ್ಲ, ಡಾರ್ಮ್‌ನ ಒಂದು ಹಾಸಿಗೆ. ಎರಡಂತಸ್ತಿನ ಮಂಚಗಳಲ್ಲಿ ಆರೋ ಎಂಟೋ ಜನ ಮಲಗುತ್ತಾರೆ, ಒಬ್ಬರಿಗೊಬ್ಬರ ಪರಿಚಯವಿಲ್ಲ. ಹುಬ್ಬಳ್ಳಿಯ ಹುಡುಗ ಕೆಳಗಿನ ಮಂಚದಲ್ಲಿದ್ದರೆ ಮೇಲೆ ಜರ್ಮನಿಯವನಿರಬಹುದು. ಇಂಥ ಕಡೆ ಗೋಡೆಗೆ ಹಾಕುವ ನಿಯಮ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಬೇಕು ಎನ್ನುವುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಕನ್ನಡದ ಸಾಲು ಬರೀ ಅತಿಥಿಗಳಿಗಲ್ಲ. ಬೆಳಿಗ್ಗೆ ಫ್ರಿಜ್ ಒರೆಸುವ ಅಕ್ಕ, ರಾತ್ರಿ ಕಾವಲಿಗಿರುವವರು ಕೂಡ ಅದನ್ನು ಓದಬೇಕು. ನಿಯಮವನ್ನು ನಡೆಸುವವರು ಅವರೇ. ಇಂಗ್ಲಿಷ್ ಸಾಲೂ ಸರಳವಾಗಿರಬೇಕು, ಏಕೆಂದರೆ ಬರುವ ವಿದೇಶಿಯರಲ್ಲಿ ಅನೇಕರಿಗೆ ಅದು ಮನೆಮಾತಲ್ಲ.

ಮೊದಲು ರಾತ್ರಿಯ ಸದ್ದು. ‘ದಯವಿಟ್ಟು ಶಾಂತತೆ ಕಾಪಾಡಿ’ ಎಂಬ ಬೋರ್ಡಿನಿಂದ ಯಾರ ನಿದ್ದೆಯೂ ಉಳಿಯುವುದಿಲ್ಲ, ಏಕೆಂದರೆ ಪಿಸುಮಾತಿನಲ್ಲಿ ಫೋನ್ ಮಾಡುವವನಿಗೆ ತಾನು ಶಾಂತವಾಗಿಯೇ ಇದ್ದೇನೆ ಅನ್ನಿಸುತ್ತದೆ. ಬೋರ್ಡಿನಲ್ಲಿ ಗಂಟೆ, ಕೆಲಸ, ಜಾಗ ಮೂರೂ ಇರಬೇಕು: ‘ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಡಾರ್ಮ್ ಒಳಗೆ ಫೋನಿನಲ್ಲಿ ಮಾತಾಡಬೇಡಿ. ಮಾತಾಡಲು ಕೆಳಗಿನ ಹಾಲ್‌ಗೆ ಹೋಗಿ.’ ಅದರ ಕೆಳಗೆ ‘ನೋ ಫೋನ್ ಕಾಲ್ಸ್ ಇನ್ ದ ಡಾರ್ಮ್, 10 ಪಿಎಂ ಟು 7 ಎಎಂ. ಯೂಸ್ ದ ಹಾಲ್ ಡೌನ್‌ಸ್ಟೇರ್ಸ್.’ ಎರಡರಲ್ಲೂ ಅಂಕಿ ಒಂದೇ ಇರಲಿ. 10 ಗಂಟೆಯನ್ನೇ ಇಡಲು ಕಾರಣವಿದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಹಾಸ್ಟೆಲ್‌ನ ಗಂಟೆಯೂ ಅದೇ ಆದರೆ ಅಕ್ಕಪಕ್ಕದ ಮನೆಯವರ ದೂರಿಗೂ ಅದೇ ಬೋರ್ಡು ಉತ್ತರವಾಗುತ್ತದೆ.

ನಿಜವಾದ ತೊಂದರೆ ಬೆಳಗಿನ ಜಾವದ್ದು. ಗೋಕರ್ಣ ರೋಡ್ ರೈಲು ನಿಲ್ದಾಣ ಊರಿನಿಂದ ಸುಮಾರು 10 ಕಿ.ಮೀ. ದೂರ. 6 ಗಂಟೆಯ ರೈಲು ಹಿಡಿಯುವವರು 5ಕ್ಕೇ ಏಳಬೇಕು. ಆಗ ಅಲಾರಂ ಐದು ಸಲ ಬಾರಿಸುತ್ತದೆ, ದೀಪ ಹತ್ತುತ್ತದೆ, ಪ್ಲಾಸ್ಟಿಕ್ ಕವರ್‌ನ ಸರಪರ ಶುರುವಾಗುತ್ತದೆ. ಏಳು ಜನರ ನಿದ್ದೆ ಕೆಡಿಸಲು ಅಷ್ಟೇ ಸಾಕು. ಇದಕ್ಕೆ ಪ್ರತ್ಯೇಕ ಸಾಲು ಬೇಕು: ‘ಬೆಳಿಗ್ಗೆ ಬೇಗ ಹೊರಡುವವರು ರಾತ್ರಿಯೇ ಚೀಲ ಕಟ್ಟಿ ಬಾಗಿಲ ಬಳಿ ಇಡಿ. ಅಲಾರಂ ವೈಬ್ರೇಟ್‌ನಲ್ಲಿಡಿ. ದೊಡ್ಡ ಲೈಟ್ ಹಾಕಬೇಡಿ.’

ಲಾಕರ್ ವಿಷಯದಲ್ಲಿ ಜಗಳ ಹುಟ್ಟುವುದು ಬೀಗದಿಂದ. ಲಾಕರ್ ಹಾಸ್ಟೆಲ್‌ನದು, ಬೀಗ ಅತಿಥಿಯದು ಎಂಬ ಪದ್ಧತಿ ಒಳ್ಳೆಯದು, ಇನ್ನೊಂದು ಕೀಲಿ ಯಾರ ಕೈಯಲ್ಲೂ ಇರುವುದಿಲ್ಲ. ಆದರೆ ದಪ್ಪ ಕೊಂಡಿಯ ಬೀಗ ಚಿಲಕದ ತೂತಿಗೆ ತೂರುವುದಿಲ್ಲ, ಸೂಟ್‌ಕೇಸಿನ ಪುಟ್ಟ ಬೀಗಕ್ಕೆ ಬಲವಿಲ್ಲ. ತೂತಿನ ಅಳತೆಯನ್ನು ಬುಕಿಂಗ್ ಸಂದೇಶದಲ್ಲೇ ತಿಳಿಸಿದರೆ ಅವರು ಸರಿಯಾದದ್ದನ್ನೇ ತರುತ್ತಾರೆ. ಕೀಲಿ ಕಳೆದುಕೊಂಡವರು ಬಂದರೆ ಏನು ಮಾಡಬೇಕೆಂಬುದನ್ನೂ ಬರೆದಿಡಬೇಕು: ಮೊದಲು ಗುರುತಿನ ಚೀಟಿ ನೋಡುವುದು, ಒಳಗೇನಿದೆ ಎಂದು ಅವರಿಂದ ಹೇಳಿಸಿಕೊಳ್ಳುವುದು, ಆಮೇಲೆ ಇಬ್ಬರು ಸಿಬ್ಬಂದಿಯ ಎದುರು ಬೀಗ ಕತ್ತರಿಸುವುದು. ಹೇಳಿದ್ದಕ್ಕೂ ಒಳಗಿರುವುದಕ್ಕೂ ತಾಳೆಯಾಗದಿದ್ದರೆ ಏನನ್ನೂ ಕೊಡದೆ ಮ್ಯಾನೇಜರ್‌ಗೆ ತಿಳಿಸಬೇಕು. ಪವರ್ ಬ್ಯಾಂಕನ್ನು ಮುಚ್ಚಿದ ಲಾಕರಿನೊಳಗೆ ಚಾರ್ಜ್‌ಗೆ ಹಾಕಬಾರದು ಎಂಬ ಮಾತೂ ಇಲ್ಲೇ ಸೇರಲಿ. ಲಿಥಿಯಂ ಬ್ಯಾಟರಿ ಬಿಸಿಯಾದರೆ ಕಣ್ಣಿಗೆ ಬೀಳುವಷ್ಟರಲ್ಲಿ ಬಟ್ಟೆಗೆ ಬೆಂಕಿ ತಗುಲಿರುತ್ತದೆ.

ಅಡುಗೆಮನೆಯಲ್ಲಿ ನನಗೆ ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನಿಸುವುದು ಒಂದು ಪೇಪರ್ ಟೇಪು ಮತ್ತು ದಾರ ಕಟ್ಟಿ ಫ್ರಿಜ್‌ಗೆ ನೇತುಹಾಕಿದ ಮಾರ್ಕರ್ ಪೆನ್ನು. ಡಬ್ಬಿಯ ಮೇಲೆ ಮೂರು ಮಾತು ಬರೆಯಬೇಕು: ಹೆಸರು, ಹಾಸಿಗೆ ನಂಬರು, ಹೊರಡುವ ತಾರೀಕು. ‘ರವಿ, 4ಬಿ, 12’ ಎಂದಿದ್ದರೆ 13ರ ಬೆಳಿಗ್ಗೆ ಆ ಅಕ್ಕ ಯಾರನ್ನೂ ಕೇಳದೆ ಅದನ್ನು ತೆಗೆಯಬಹುದು. ಅಕ್ಕಿ, ಎಣ್ಣೆ, ಟೀ ಪುಡಿಯಂಥವು ‘ಯಾರು ಬೇಕಾದರೂ ಬಳಸಿ’ ಎಂದು ಬರೆದ ಕಪಾಟಿಗೆ ಹೋಗುತ್ತವೆ, ಉಳಿದ ಅಡುಗೆ ಕಸಕ್ಕೆ. ಅನ್ನವನ್ನಂತೂ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಬೇಕು. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಹೊರಗಿಟ್ಟ ಅನ್ನದಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಸಸ್ಯಾಹಾರಿಗಳಿಗೆ ಒಂದು ಬಾಣಲೆ, ಒಂದು ತವಾವನ್ನು ಹಸಿರು ಬಣ್ಣ ಬಳಿದು ಬೇರೆ ಇಟ್ಟರೆ ಮೊಟ್ಟೆಯ ಕುರಿತ ಮುನಿಸು ಹುಟ್ಟುವುದಿಲ್ಲ.

ಗ್ಯಾಸ್ ಒಲೆಯ ಪಕ್ಕದ ಬೋರ್ಡು ಮಾತ್ರ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ಆಗ ಎಕ್ಸಾಸ್ಟ್ ಫ್ಯಾನ್ ಹಾಕಲು ಕೈ ಹೋಗುವುದು ಸಹಜ, ಆದರೆ ಸ್ವಿಚ್ಚಿನ ಕಿಡಿಯೇ ಬೆಂಕಿಗೆ ಸಾಕು. ‘ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಮುಚ್ಚಿ. ಕಿಟಕಿ ಬಾಗಿಲು ತೆರೆಯಿರಿ. ಹೊರಗೆ ಬಂದು ರಿಸೆಪ್ಷನ್‌ಗೆ ಹೇಳಿ.’ ಪಕ್ಕದಲ್ಲಿ ರೆಗ್ಯುಲೇಟರಿನ ಚಿತ್ರ, ಅದನ್ನು ಯಾವ ಕಡೆ ತಿರುಗಿಸಬೇಕೆಂಬ ಬಾಣದ ಗುರುತು. ಎಷ್ಟೋ ವಿದೇಶಿಯರು ಇಲ್ಲಿಗೆ ಬರುವ ಮೊದಲು ನಮ್ಮ ಸಿಲಿಂಡರ್ ನೋಡಿರುವುದೇ ಇಲ್ಲ.