ಸಿಲಿಂಡರ್ ಮೇಲಿನ ಒಂದು ಅಕ್ಷರ, ಅದಕ್ಕೆ ನಾಲ್ಕು ತಲೆಬರಹ

ಅಡುಗೆ ಅನಿಲದ ಸಿಲಿಂಡರಿನ ಹಿಡಿಕೆಯನ್ನು ಹೊತ್ತಿರುವ ಉಕ್ಕಿನ ಪಟ್ಟಿಗಳಲ್ಲಿ ಒಂದರ ಒಳಮೈ ಮೇಲೆ ‘ಬಿ-27’ ಎಂಬಂಥ ಗುರುತು ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್. ಸಿ, ಡಿ ಹಾಗೇ ಮುಂದಿನ ತಿಂಗಳುಗಳು. ಅಂಕಿ ಇಸವಿಯದು. ಆ ಹೊತ್ತಿಗೆ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕು, ಅಷ್ಟೇ. ಈ ಸಣ್ಣ ಸಂಗತಿಯ ಮೇಲೆ ಜಾಲಕ್ಕೊಂದು ಬರಹ ಬರೆದೆ. ಬರೆಯಲು ಅರ್ಧ ಗಂಟೆ ಹಿಡಿಯಿತು, ತಲೆಬರಹಕ್ಕೆ ಎರಡು ದಿನ.

ಮೊದಲು ನಾಲ್ಕು ಬರೆದುಕೊಂಡೆ:

‘ಗ್ಯಾಸ್ ಸಿಲಿಂಡರ್ ಮರುಪರೀಕ್ಷೆಯ ಅವಧಿ: ಒಂದು ಮಾಹಿತಿ’
‘ಸಿಲಿಂಡರಿಗೂ ಇದೆ ಎಕ್ಸ್‌ಪೈರಿ: ತಿಳಿಯುವುದು ಹೇಗೆ?’
‘ನಿಮ್ಮ ಅಡುಗೆಮನೆಯಲ್ಲೊಂದು ಬಾಂಬ್?’
‘ಸಿಲಿಂಡರ್ ಇಳಿಸಿಕೊಳ್ಳುವಾಗ ಈ ಅಕ್ಷರ ನೋಡಿದ್ದೀರಾ?’

ಬರಹ ಓದದ ನಾಲ್ಕೈದು ಜನರಿಗೆ ತಲೆಬರಹವನ್ನಷ್ಟೇ ತೋರಿಸಿ, ‘ಒಳಗೆ ಏನಿರಬಹುದು?’ ಎಂದು ಕೇಳಬೇಕು. ‘ಚೆನ್ನಾಗಿದೆಯಾ?’ ಎಂದು ಮಾತ್ರ ಕೇಳಬಾರದು, ನಮ್ಮವರು ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ. ನನಗೆ ಬಹಳ ಇಷ್ಟವಾಗಿದ್ದ ಎರಡನೆಯದು ಇಲ್ಲೇ ಬಿದ್ದುಹೋಯಿತು. ‘ಗ್ಯಾಸ್ ಹಳೆಯದಾದರೆ ಕೆಡುತ್ತದಂತೆ, ಅದರ ಬಗ್ಗೆ ಇರಬೇಕು’ ಎಂದರು ಪಕ್ಕದ ಮನೆಯ ಅತ್ತೆ. ಗ್ಯಾಸ್ ಕೆಡುವುದಿಲ್ಲ, ತಪಾಸಣೆ ಆಗಬೇಕಾದ್ದು ಉಕ್ಕಿನ ಮೈಗೆ. ಎಕ್ಸ್‌ಪೈರಿ ಎಂಬ ಪದ ಔಷಧಿ, ಬಿಸ್ಕತ್ತುಗಳ ನೆನಪು ತಂದು ದಾರಿ ತಪ್ಪಿಸಿತ್ತು. ಮೊದಲನೆಯದು ಎಲ್ಲರಿಗೂ ಅರ್ಥವಾಯಿತು, ಯಾರಿಗೂ ಬೇಕೆನಿಸಲಿಲ್ಲ. ಅದರಲ್ಲಿ ಸರ್ಕಾರಿ ಸುತ್ತೋಲೆಯ ವಾಸನೆ.

ಕುತೂಹಲವನ್ನು ಅಳೆಯಲು ಬಾಯಿಮಾತು ಸಾಲದು. ಓದುಗರನ್ನು ಗೊತ್ತುಗುರಿಯಿಲ್ಲದೆ ಎರಡು ಪಾಲು ಮಾಡಿ, ಒಂದೇ ಹೊತ್ತಿನಲ್ಲಿ ಒಂದು ಪಾಲಿಗೆ ಒಂದು ತಲೆಬರಹ, ಇನ್ನೊಂದಕ್ಕೆ ಇನ್ನೊಂದು ತೋರಿಸಿ, ಎಷ್ಟು ಮಂದಿ ಒತ್ತಿದರು ಎಂದು ಎಣಿಸಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿದರೆ ಅಳೆದದ್ದು ಹೊತ್ತನ್ನೋ ತಲೆಬರಹವನ್ನೋ ತಿಳಿಯುವುದಿಲ್ಲ. ಚಿತ್ರವೂ ಎರಡಕ್ಕೂ ಒಂದೇ ಇರಬೇಕು.

ಜನ ಎಡವುವುದು ಎಣಿಕೆಯಲ್ಲಿ. ತಲಾ 500 ಜನ ನೋಡಿ, ಒಂದನ್ನು 25 ಮಂದಿ, ಇನ್ನೊಂದನ್ನು 31 ಮಂದಿ ಒತ್ತಿದರು ಅಂದುಕೊಳ್ಳಿ. ಎರಡನೆಯದು ಗೆದ್ದಿತೆಂದು ಕುಣಿಯುವಂತಿಲ್ಲ. ಒಂದೇ ತಲೆಬರಹವನ್ನು ಎರಡೂ ಕಡೆ ತೋರಿಸಿದ್ದರೂ ಅಷ್ಟು ಹೆಚ್ಚುಕಮ್ಮಿ ಆಗಬಹುದು. ಅದೇ ಅಂತರ ತಲಾ 5,000 ಜನರಲ್ಲಿ 250ಕ್ಕೆ 310 ಎಂದು ಬಂದರೆ ಮಾತ್ರ ನಂಬಬಹುದು. ಎಷ್ಟು ಜನರಿಗೆ ತೋರಿಸಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮನಸ್ಸಿಗೆ ಬಂದ ಫಲಿತಾಂಶ ಕಂಡ ಕೂಡಲೇ ನಿಲ್ಲಿಸಿದರೆ ಅದು ಪರೀಕ್ಷೆಯಲ್ಲ.

ಈ ಕೆಲಸವನ್ನು ಅತಿಗೆ ಒಯ್ದದ್ದು ಅಮೆರಿಕದ ಅಪ್‌ವರ್ದಿ ಎಂಬ ತಾಣ. ಅಲ್ಲಿ ಒಂದೊಂದು ಬರಹಕ್ಕೂ 25 ತಲೆಬರಹ ಬರೆಯುವ ರೂಢಿಯಿತ್ತು. ಅವರ 2013ರಿಂದ 2015ರವರೆಗಿನ ಪರೀಕ್ಷೆಗಳನ್ನು ಸಂಶೋಧಕರು ಜಾಲಾಡಿ 2023ರಲ್ಲಿ ಪ್ರಕಟಿಸಿದರು: ತಲೆಬರಹದಲ್ಲಿ ಕೆಡುಕನ್ನು ಸೂಚಿಸುವ ಒಂದು ಪದ ಹೆಚ್ಚಿದರೆ, ಒತ್ತುವವರ ಪ್ರಮಾಣ ಸುಮಾರು 2.3% ಏರುತ್ತಿತ್ತು. ಅಂದರೆ ಬರೀ ಒತ್ತಿದವರನ್ನು ಎಣಿಸಿದರೆ ನನ್ನ ‘ಬಾಂಬ್’ ಗೆದ್ದರೂ ಗೆಲ್ಲಬಹುದು. ಆದರೆ ಒಳಗೆ ಬಾಂಬ್ ಇಲ್ಲವಲ್ಲ! ಮೋಸ ಹೋದವರು ಬಂದಷ್ಟೇ ಬೇಗ ಹಿಂತಿರುಗುತ್ತಾರೆ. ಫೇಸ್‌ಬುಕ್ 2014ರ ಆಗಸ್ಟ್‌ನಲ್ಲಿ ಇದನ್ನೇ ಅಳತೆಗೋಲು ಮಾಡಿಕೊಂಡು, ಒತ್ತಿ ಒಳಹೊಕ್ಕವರು ತಕ್ಷಣ ವಾಪಸಾಗುವಂಥ ಬರಹಗಳನ್ನು ಕೆಳಕ್ಕೆ ತಳ್ಳುವುದಾಗಿ ಹೇಳಿತು. ಹಾಗಾಗಿ ಒತ್ತಿದವರ ಪಕ್ಕದಲ್ಲೇ, ಅವರಲ್ಲಿ ಕೊನೆಯವರೆಗೆ ಓದಿದವರನ್ನೂ ಬರೆದಿಟ್ಟುಕೊಳ್ಳಬೇಕು. ಒತ್ತಿದವರು ಹೆಚ್ಚಿ, ಓದಿ ಮುಗಿಸಿದವರು ಇಳಿದರೆ ದೋಷ ತಲೆಬರಹದ್ದು.

ಇನ್ನು ದನಿ. ಕನ್ನಡದಲ್ಲಿ ಇದು ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ. ‘ಈ ಅಕ್ಷರ ನೋಡಿ’ ಎಂದರೆ ಆಜ್ಞೆ, ‘ನೋಡಿಕೊಳ್ಳಿ’ ಎಂದರೆ ಮನೆಯವರ ಕಾಳಜಿ, ‘ನೋಡಲೇಬೇಕು’ ಎಂದರೆ ಮೇಷ್ಟ್ರ ಬೆತ್ತ. ಉಳಿದದ್ದನ್ನು ಮುಟ್ಟದೆ ಬಾಲವೊಂದನ್ನೇ ಬದಲಿಸಿ ಗಟ್ಟಿಯಾಗಿ ಓದಿದರೆ ಕಿವಿಗೇ ಗೊತ್ತಾಗುತ್ತದೆ. ನನ್ನ ನಾಲ್ಕನೆಯದರ ‘ನೋಡಿದ್ದೀರಾ?’ ಕುತೂಹಲ ಹುಟ್ಟಿಸುತ್ತಿತ್ತು, ಜೊತೆಗೆ ‘ನೋಡಿಲ್ಲವಲ್ಲ, ಸಿಕ್ಕಿಬಿದ್ದಿರಿ’ ಎಂದು ಅಣಕಿಸಿದಂತೆಯೂ ಕೇಳುತ್ತಿತ್ತು. ಯಾವ ಅಕ್ಷರ ಎಂಬುದೂ ಅದರಲ್ಲಿ ಸ್ಪಷ್ಟವಿರಲಿಲ್ಲ.

ನನ್ನ ಬರಹಕ್ಕೆ ದಿನಕ್ಕೆ ಇನ್ನೂರು ಓದುಗರು ಬಂದರೆ ಹೆಚ್ಚು. ಐದು ಸಾವಿರದ ಲೆಕ್ಕ ನನಗಲ್ಲ. ಹಾಗಾಗಿ ಅತ್ತೆಯ ಉತ್ತರವನ್ನೂ ನನ್ನ ಕಿವಿಯನ್ನೂ ನಂಬಿ ಕೊನೆಗೆ ಹಾಕಿದ್ದು ಇದು: ‘ಸಿಲಿಂಡರ್ ಇಳಿಸಿಕೊಳ್ಳುವಾಗ ಮರುಪರೀಕ್ಷೆಯ ಗುರುತು ನೋಡಿಕೊಳ್ಳಿ: ಬಿ-27 ಎಂದರೆ ಏನು?’ ಸ್ವಲ್ಪ ಉದ್ದವಾಯಿತು. ಇರಲಿ, ಅತ್ತೆ ಈ ಸಲ ಸರಿಯಾಗಿ ಹೇಳಿದರು.